ನಕ್ಷೆದಾಗ ಮಳಿ ಆಗ್ತದ್ರಿ

ಏಳನೇ ಕ್ಲಾಸಿನ ಆ ಹುಡುಗಿ ಬೆರಳಿಟ್ಟಿದ್ದು ಸರಿಯಾಗಿ ನಮ್ಮ ರಾಯಚೂರಿನ ಮೇಲೆ. ನಾನು ಕೇಳಿದ್ದು ಇಷ್ಟೇ: "ಈ ನಕ್ಷೆ ನೋಡಿದ್ರ, ಎಲ್ಲಿ ಮಳಿ ಭಾಳ ಆಗ್ತದ ಅನ್ನಸ್ತದ?" ಅವಳು ಯೋಚನೆ ಮಾಡೋಕೂ ಹೋಗಲಿಲ್ಲ.

"ಇಲ್ಲಿ ನೋಡ್ರಿ ಸರ್, ಹಸಿರು ಅದ."

"ನಿಮ್ಮೂರಾಗ ಮಳಿ ಭಾಳ ಆಗ್ತದೇನಮ್ಮ?"

ಅವಳು ಕಿಟಕಿಯಾಚೆ ನೋಡಿದಳು. ಹೊರಗೆ ತೊಗರಿ ಹೊಲ ಒಣಗಿ ನಿಂತಿತ್ತು. "ನಮ್ಮೂರಾಗ ಆಗಂಗಿಲ್ರಿ. ಆದ್ರ ನಕ್ಷೆದಾಗ ಆಗ್ತದ್ರಿ."

ಕ್ಲಾಸು ನಕ್ಕಿತು, ನಾನೂ ನಕ್ಕೆ. ಆದರೆ ಬಸ್ಸು ಹತ್ತಿ ಬೆಂಗಳೂರಿಗೆ ವಾಪಸ್ ಬರುವಾಗ ರಾತ್ರಿಯೆಲ್ಲ ಆ ಮಾತು ತಲೆಯಲ್ಲಿ ಕೊರೆಯುತ್ತಿತ್ತು. ಯಾಕೆಂದರೆ ಆ ನಕ್ಷೆ ಮಾಡಿದವನು ನಾನೇ.

ಸ್ವಲ್ಪ ಹಿಂದಿನಿಂದ ಹೇಳ್ತೀನಿ. ಕನ್ನಡ ಮಾಧ್ಯಮದ ಮಕ್ಕಳಿಗೆ ಒಂದು ತೆಳ್ಳಗಿನ ಅಟ್ಲಾಸ್ ಮಾಡಬೇಕು ಅಂತ ನಾವು ಐದಾರು ಜನ ಶನಿವಾರ ಭಾನುವಾರ ಕೂರುತ್ತಿದ್ದೆವು. ರಿಟೈರ್ ಆದ ಭೂಗೋಳದ ಮೇಷ್ಟ್ರೊಬ್ಬರು, ಪ್ರಿಂಟಿಂಗ್ ಪ್ರೆಸ್ ಗೊತ್ತಿದ್ದ ಒಬ್ಬ ಗೆಳೆಯ, ಚಿತ್ರ ಬರೆಯುವ ಇಬ್ಬರು, ಮತ್ತು ಕಂಪ್ಯೂಟರ್ ಕೆಲಸಕ್ಕೆ ನಾನು. ನನ್ನ ಪಾಲಿಗೆ ಬಂದಿದ್ದು ಕರ್ನಾಟಕದ ಭೌತಿಕ ನಕ್ಷೆಯ ಪುಟ. ರಾಜ್ಯ ಉತ್ತರದಿಂದ ದಕ್ಷಿಣಕ್ಕೆ ಸುಮಾರು 750 ಕಿಲೋಮೀಟರ್ ಉದ್ದ. ಪುಟದಲ್ಲಿ ನಮಗೆ ಸಿಕ್ಕ ಜಾಗ 25 ಸೆಂಟಿಮೀಟರ್. ಅಂದರೆ ಒಂದು ಸೆಂಟಿಮೀಟರಿಗೆ 30 ಕಿಲೋಮೀಟರ್, ಒಂದು ಮಿಲಿಮೀಟರಿಗೆ 3 ಕಿಲೋಮೀಟರ್.

ಈ ಲೆಕ್ಕವನ್ನ ಒಂದು ನಿಮಿಷ ಮನಸ್ಸಿನಲ್ಲಿಟ್ಟುಕೊಳ್ಳಿ. ಕಣ್ಣಿಗೆ ಸಲೀಸಾಗಿ ಕಾಣಲಿ ಅಂತ ಹೆದ್ದಾರಿಯನ್ನ ಅರ್ಧ ಮಿಲಿಮೀಟರ್ ದಪ್ಪಕ್ಕೆ ಎಳೆದರೆ, ನಕ್ಷೆಯ ಪ್ರಕಾರ ಆ ರಸ್ತೆಯ ಅಗಲ ಒಂದೂವರೆ ಕಿಲೋಮೀಟರ್. ಊರಿಗೆ ಒಂದು ಮಿಲಿಮೀಟರಿನ ಚುಕ್ಕೆ ಇಟ್ಟರೆ ಆ ಊರು ಮೂರು ಕಿಲೋಮೀಟರ್ ಅಗಲ. ಅಷ್ಟು ದೊಡ್ಡ ಚುಕ್ಕೆ ನಮ್ಮೂರಿಗೆ ಸಲ್ಲುವುದಿಲ್ಲ, ಅದಕ್ಕಿಂತ ಸಣ್ಣ ಚುಕ್ಕೆ ಯಾರಿಗೂ ಕಾಣುವುದಿಲ್ಲ. ಹಾಗಾಗಿ ನಮ್ಮೂರು ನಾನೇ ಮಾಡಿದ ನಕ್ಷೆಯಲ್ಲಿಲ್ಲ. ಇದನ್ನ ಯಾರೂ ಸುಳ್ಳು ಅನ್ನುವುದಿಲ್ಲ. ನಕ್ಷೆ ಅಂದರೇನೇ ಬಿಡುವುದು, ಉಬ್ಬಿಸುವುದು, ಒಂದಿಷ್ಟು ಸರಿಸುವುದು. ಇಷ್ಟು ಗೊತ್ತಿದ್ದೂ ಆ ಹುಡುಗಿಯ ಮಾತು ನನಗೆ ಯಾಕೆ ಚುಚ್ಚಿತು ಅನ್ನೋದೇ ಈ ಬರಹದ ಪ್ರಶ್ನೆ.

ನಾನು ಬಳಸಿದ್ದು ಎಲ್ಲ ಶಾಲಾ ಅಟ್ಲಾಸುಗಳಲ್ಲಿರುವ ಬಣ್ಣಗಳನ್ನೇ. ತಗ್ಗು ಪ್ರದೇಶಕ್ಕೆ ಹಸಿರು, ನಡುವಿನದಕ್ಕೆ ಹಳದಿ, ಎತ್ತರಕ್ಕೆ ಕಂದು. ಪುಟದ ಮೂಲೆಯಲ್ಲಿ ಸೂಚಿಯ ಚೌಕಟ್ಟು, ಅದರಲ್ಲಿ ಪ್ರತಿ ಬಣ್ಣದ ಪಕ್ಕ ಎಷ್ಟು ಮೀಟರಿನಿಂದ ಎಷ್ಟು ಮೀಟರ್ ಅಂತ ಅಂಕಿ. ಸೂಚಿ ನೂರಕ್ಕೆ ನೂರು ಸರಿಯಿತ್ತು. ರಾಯಚೂರು ಸಮುದ್ರಮಟ್ಟದಿಂದ ಸುಮಾರು 400 ಮೀಟರ್ ಎತ್ತರದಲ್ಲಿದೆ, ರಾಜ್ಯದ ಮಟ್ಟಿಗೆ ತಗ್ಗು, ಆದ್ದರಿಂದ ಹಸಿರು. ಚಿಕ್ಕಮಗಳೂರಿನ ಬೆಟ್ಟಸಾಲು ಎತ್ತರ, ಆದ್ದರಿಂದ ಕಡು ಕಂದು. ಆದರೆ ಕಣ್ಣಿಗೆ ಏನು ಕಾಣುತ್ತೆ? ಸೂರ್ಯನಿಗೆ ಸುಟ್ಟ ನಮ್ಮ ಸೀಮೆ ಹಚ್ಚಹಸಿರು. ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯ ಸುತ್ತಮುತ್ತ ಒಣಗಿದ ಮಣ್ಣಿನ ಬಣ್ಣ.

ನಮ್ಮ ಪ್ರಯೋಗ ಸರಳವಾಗಿತ್ತು. ಮೊದಲು ಸೂಚಿಯ ಮೇಲೊಂದು ಚೀಟಿ ಅಂಟಿಸಿ ಮಕ್ಕಳಿಗೆ ನಾಲ್ಕು ಪ್ರಶ್ನೆ ಕೇಳೋದು. ಎತ್ತರ ಎಲ್ಲಿ, ನೀರು ಯಾವ ಕಡೆ ಹರಿಯುತ್ತೆ, ಮಳೆ ಎಲ್ಲಿ ಜಾಸ್ತಿ, ಈ ಗೆರೆ ಏನು. ಆಮೇಲೆ ಚೀಟಿ ತೆಗೆದು ಅದೇ ಪ್ರಶ್ನೆಗಳು. ಚೀಟಿ ಇರುವಾಗ ಬರುವ ಉತ್ತರ ಪುಟ ತಾನಾಗಿ ಏನು ಹೇಳುತ್ತೆ ಅನ್ನೋದನ್ನ ತೋರಿಸುತ್ತೆ. ಚೀಟಿ ತೆಗೆದಾಗ ಬರುವ ಉತ್ತರ ಸೂಚಿ ಎಷ್ಟು ತಿದ್ದುತ್ತೆ ಅನ್ನೋದನ್ನ. ನಾನು ಅಂದುಕೊಂಡಿದ್ದು ಸೂಚಿ ಕಂಡ ಕೂಡಲೇ ಮಕ್ಕಳು ತಿದ್ದಿಕೊಳ್ಳುತ್ತಾರೆ ಅಂತ. ಅರ್ಧಕ್ಕಿಂತ ಹೆಚ್ಚು ಮಕ್ಕಳು ತಿದ್ದಿಕೊಳ್ಳಲಿಲ್ಲ. ಸೂಚಿ ಓದಿದರು, 'ಹಸಿರು ಅಂದ್ರ ತಗ್ಗು' ಅಂತ ಗಟ್ಟಿಯಾಗಿ ಹೇಳಿದರು, ಮರುಕ್ಷಣ ಮಳೆಯ ಪ್ರಶ್ನೆಗೆ ಮತ್ತೆ ಹಸಿರಿನ ಮೇಲೆ ಬೆರಳಿಟ್ಟರು. ಎತ್ತರ ಗೊತ್ತಾಗಿತ್ತು. ಆದರೆ ಹಸಿರು ಅಂದರೆ ಹುಲ್ಲು, ಗಿಡ, ನೀರು ಅನ್ನೋ ಒಳಗಿನ ತಿಳಿವಳಿಕೆ ಅಳಿಸಿರಲಿಲ್ಲ.

ವಾಪಸ್ ಬಂದು ಗುಂಪಿನಲ್ಲಿ ಇದನ್ನ ಹೇಳಿದಾಗ ಮೇಷ್ಟ್ರು ಕೇಳಿದ ಪ್ರಶ್ನೆ ಸರಿಯಾಗಿಯೇ ಇತ್ತು. "ಸೂಚೀಲಿ ಬರೆದಿದ್ದೀವಲ್ಲಪ್ಪ. ಸೂಚಿ ನೋಡೋದನ್ನ ಕಲಿಸೋದು ಪಾಠ ಮಾಡೋರ ಕೆಲಸ. ನಕ್ಷೆ ಮಾಡಿದೋನ ತಪ್ಪು ಹೇಗಾಗುತ್ತೆ?"

ಈ ವಾದ ನನಗೆ ಹಳೇ ಪರಿಚಯ. ಹಿಂದಿನ ಕಂಪನಿಯೊಂದರಲ್ಲಿ ನಾನು ಬರೆದ ಒಂದು ಸ್ಕ್ರೀನ್ ಇತ್ತು. ಮೇಲೆ ದೊಡ್ಡದಾಗಿ 'ಒಂದು ತಿಂಗಳು ಉಚಿತ', ಕೆಳಗೆ ಬೂದು ಅಕ್ಷರದಲ್ಲಿ ಆಮೇಲೆ ತಾನಾಗಿ ದುಡ್ಡು ಕಟ್ಟಾಗುವ ವಿಚಾರ. ಜನ ಬೈದು ಮೇಲ್ ಕಳಿಸಿದಾಗ ನಮ್ಮ ಮೀಟಿಂಗಿನಲ್ಲಿ ಬಂದ ಮಾತೂ ಇದೇ: ಬರೆದಿದ್ದೀವಲ್ಲ. ಹೌದು, ಬರೆದಿದ್ದೆವು. ಅಕ್ಷರ ಅಕ್ಷರ ನಿಜ. ನಾನೂ ಆಗ ತಲೆಯಾಡಿಸಿದ್ದೆ. ಆ ಸ್ಕ್ರೀನಿಗೂ ನನ್ನ ನಕ್ಷೆಗೂ ಇರುವ ದೊಡ್ಡ ವ್ಯತ್ಯಾಸ, ಅಲ್ಲಿ ಬೇಕಂತಲೇ ಮಾಡಿದ್ದು, ಇಲ್ಲಿ ಗೊತ್ತಿಲ್ಲದೆ ಆಗಿದ್ದು. ಆದರೆ ಮಕ್ಕಳ ಉತ್ತರ ಕಣ್ಣಾರೆ ಕಂಡ ಮೇಲೂ ಅದೇ ಪುಟವನ್ನ ಪ್ರೆಸ್ಸಿಗೆ ಕಳಿಸಿದರೆ ಆ ವ್ಯತ್ಯಾಸ ಉಳಿಯೋದಿಲ್ಲ.

ಹಸಿರು ತಗ್ಗು, ಕಂದು ಎತ್ತರ ಅನ್ನೋ ಪದ್ಧತಿ ಎಲ್ಲಿಂದ ಬಂತು ಅಂತ ನೋಡಿದರೆ ಯಾರೂ ಮೋಸ ಮಾಡಲು ಕಂಡುಹಿಡಿದದ್ದಲ್ಲ. 19ನೇ ಶತಮಾನದಲ್ಲಿ ಜರ್ಮನಿಯ ಎಮಿಲ್ ಫಾನ್ ಸೈಡೋ ತನ್ನ ಶಾಲಾ ನಕ್ಷೆಗಳಲ್ಲಿ ಬಯಲಿಗೆ ಹಸಿರು, ಎತ್ತರಕ್ಕೆ ಕಂದು ಬಳಸಿದ. ಅವನ ಸುತ್ತ ತಗ್ಗು ನೆಲವೆಂದರೆ ಹುಲ್ಲುಗಾವಲು, ಬೆಟ್ಟದ ತುದಿಯೆಂದರೆ ಬೋಳು ಬಂಡೆ. ಅಲ್ಲಿ ಬಣ್ಣವೂ ಎತ್ತರವೂ ಹೆಚ್ಚುಕಡಿಮೆ ಒಟ್ಟಿಗೇ ಹೋಗುತ್ತಿದ್ದವು. ಅದೇ ಬಣ್ಣಗಳು ದಖ್ಖನ್ನಿಗೆ ಬಂದಾಗ ಲೆಕ್ಕ ತಿರುಗುಮುರುಗಾಯಿತು. ನಮ್ಮಲ್ಲಿ ಕಾಡು ಇರೋದು ಘಟ್ಟದಲ್ಲಿ, ಒಣನೆಲ ಇರೋದು ಪೂರ್ವದ ತಗ್ಗಿನಲ್ಲಿ. ಈ ತೊಡಕು ನಮ್ಮೊಬ್ಬರದ್ದೇ ಅಲ್ಲ. ಮರುಭೂಮಿಯ ತಗ್ಗುಗಳು ಹಸಿರಾಗಿ ಕಾಣೋದನ್ನ ತಪ್ಪಿಸಲು ಅಮೆರಿಕದ ನಕ್ಷೆಗಾರ ಟಾಮ್ ಪ್ಯಾಟರ್ಸನ್ ಮತ್ತು ಬರ್ನ್‌ಹಾರ್ಡ್ ಜೆನಿ ಒಂದೇ ಎತ್ತರಕ್ಕೆ ಹವಾಮಾನ ನೋಡಿ ಬೇರೆ ಬೇರೆ ಬಣ್ಣ ಕೊಡುವ ವಿಧಾನ ಮಾಡಿದ್ದಾರೆ. ಒಣ ತಗ್ಗಿಗೆ ಮರಳಿನ ಬಣ್ಣ, ತೇವದ ತಗ್ಗಿಗೆ ಹಸಿರು, ನಡುವೆ ಮೆಲ್ಲಗೆ ಬೆರೆಯುವಂತೆ.

ಅದನ್ನ ಹಾಗೇ ತರೋಣ ಅಂದುಕೊಂಡೆ. ಮೇಷ್ಟ್ರು ಒಪ್ಪಲಿಲ್ಲ. ಒಂದೇ ಎತ್ತರಕ್ಕೆ ಎರಡು ಬಣ್ಣವಾದರೆ ಏಳನೇ ಕ್ಲಾಸಿನ ಮಗು ಸೂಚಿ ಓದೋದು ಹೇಗೆ? ಜೊತೆಗೆ ಅವರು ಇನ್ನೊಂದು ಮಾತು ಹೇಳಿದರು. "ಶಾಲೆ ಗೋಡೆ ಮೇಲಿನ ನಕ್ಷೆ ಹಸಿರು-ಕಂದೇ ಇರುತ್ತೆ. ಬೇರೆ ಅಟ್ಲಾಸೂ ಹಾಗೇ. ನಿನ್ನ ಪುಟದಲ್ಲಿ ಕಲಿತು ಅಲ್ಲಿ ಹೋಗಿ ತಡವರಿಸಿದ್ರೆ ಆ ಮಗುವಿಗೆ ನೀನು ಏನು ಉಪಕಾರ ಮಾಡಿದಂಗಾಯ್ತು?" ಇದಕ್ಕೆ ನನ್ನ ಹತ್ತಿರ ಸುಲಭದ ಉತ್ತರ ಇರಲಿಲ್ಲ. ಎಲ್ಲರೂ ಮಾಡುವ ತಪ್ಪನ್ನ ಒಬ್ಬನೇ ಬಿಟ್ಟರೆ ಅದರ ಬೆಲೆ ಕಟ್ಟುವವನು ಬಿಟ್ಟವನಲ್ಲ, ಓದುವವನು.

ನಿರ್ಧಾರಕ್ಕೆ ದಾರಿ ತೋರಿಸಿದ್ದು ಒಂದು ಜೆರಾಕ್ಸ್. ನಾನು ಓದಿದ ಶಾಲೆಯಲ್ಲಿ ಅಟ್ಲಾಸ್ ಇದ್ದದ್ದು ಮೇಷ್ಟ್ರ ಟೇಬಲ್ಲಿನ ಮೇಲೆ ಒಂದೇ. ನಮಗೆ ಸಿಗುತ್ತಿದ್ದುದು ಅದರ ಕಪ್ಪು ಬಿಳುಪು ಪ್ರತಿ. ಈಗಲೂ ಟೆಸ್ಟ್ ಪೇಪರಿಗೆ ನಕ್ಷೆ ಹೋಗೋದು ಹಾಗೇ. ನನ್ನ ಪುಟವನ್ನ ಕೆಳಗಿನ ಅಂಗಡಿಗೆ ತೆಗೆದುಕೊಂಡು ಹೋಗಿ ಒಂದು ಜೆರಾಕ್ಸ್ ಮಾಡಿಸಿದೆ. ಕರಾವಳಿಯೂ ಘಟ್ಟವೂ ಒಂದೇ ಬೂದು! ಹಸಿರಿಗೂ ಕಂದಿಗೂ ಬಣ್ಣದಲ್ಲಿ ವ್ಯತ್ಯಾಸವಿದೆ, ಗಾಢತೆಯಲ್ಲಿ ಇಲ್ಲ. ನಡುವಿನ ಹಳದಿ ಬಿಳಿಯಾಗಿ ತೇಲಿತ್ತು. ಅಂದರೆ ಜೆರಾಕ್ಸ್ ಪ್ರತಿ ಹಿಡಿದ ಮಗುವಿಗೆ ಸಮುದ್ರದಂಚು ಮತ್ತು ಮುಳ್ಳಯ್ಯನಗಿರಿ ಒಂದೇ ಎತ್ತರ. ಕೆಂಪು-ಹಸಿರು ಬೇರೆ ಮಾಡಿ ನೋಡಲಾಗದ ಕಣ್ಣಿನ ಮಗುವಿಗೆ ಬಣ್ಣದ ಪ್ರತಿಯಲ್ಲೂ ಹೆಚ್ಚುಕಡಿಮೆ ಅದೇ ಗತಿ.

ಆಗ ಕೆಲಸದ ಕ್ರಮವನ್ನೇ ತಿರುಗಿಸಿದೆವು. ಮೊದಲು ಗಾಢತೆ, ಆಮೇಲೆ ಬಣ್ಣ. ತಗ್ಗು ತಿಳಿ, ಎತ್ತರಕ್ಕೆ ಹೋದಂತೆ ಗಾಢ, ಮೆಟ್ಟಿಲು ಮೆಟ್ಟಿಲಾಗಿ. ಎಷ್ಟು ಮೆಟ್ಟಿಲು? ಸಮ ಅಂತರದಲ್ಲಿ 0, 500, 1,000, 1,500 ಅಂತ ಹೋದರೆ ನೋಡೋಕೆ ಚೆಂದ, ಆದರೆ ಹುಬ್ಬಳ್ಳಿ, ಮೈಸೂರು, ಬೆಂಗಳೂರು ಎಲ್ಲ ಒಂದೇ ಬಣ್ಣದಲ್ಲಿ ಕೂರುತ್ತವೆ, ಏಕೆಂದರೆ ನಮ್ಮ ಪ್ರಸ್ಥಭೂಮಿಯ ಬಹುಪಾಲು ಆ ಎರಡನೇ ಮೆಟ್ಟಿಲಿನೊಳಗೇ ಇದೆ. ಹಾಗಾಗಿ ನೆಲ ಎಲ್ಲಿ ಬದಲಾಗುತ್ತೋ ಅಲ್ಲಿ ಕತ್ತರಿಸಿದೆವು: 200ರವರೆಗೆ ಕರಾವಳಿ, 200ರಿಂದ 500 ರಾಯಚೂರು-ಕಲಬುರಗಿಯ ಬಯಲು, 500ರಿಂದ 700ರಲ್ಲಿ ಹುಬ್ಬಳ್ಳಿ, 700ರಿಂದ 900ರಲ್ಲಿ ಮೈಸೂರು, 900ರ ಮೇಲೆ ಬೆಂಗಳೂರು ಮತ್ತು ಘಟ್ಟದ ನೆತ್ತಿ. ಆರನೇ ಮೆಟ್ಟಿಲು ಸೇರಿಸಿ ನೋಡಿದಾಗ ಜೆರಾಕ್ಸಿನಲ್ಲಿ ಪಕ್ಕಪಕ್ಕದ ಎರಡು ಬೂದು ಒಂದಾದವು, ಕೈಬಿಟ್ಟೆವು. ಇದರಿಂದ 920 ಮೀಟರಿನ ಬೆಂಗಳೂರಿಗೂ 1,900 ಮೀಟರ್ ದಾಟಿದ ಮುಳ್ಳಯ್ಯನಗಿರಿಗೂ ಒಂದೇ ಬಣ್ಣ ಬಂತು. ಅದಕ್ಕೆ ಶಿಖರಗಳಿಗೆ ಕಪ್ಪು ತ್ರಿಕೋನ ಇಟ್ಟು ಪಕ್ಕದಲ್ಲೇ ಎತ್ತರದ ಅಂಕಿ ಬರೆದೆವು. ಅತಿ ಗಾಢ ಮೆಟ್ಟಿಲಿಗೂ ಒಂದು ಮಿತಿ ಹಾಕಿಕೊಂಡೆವು: ಅದರ ಮೇಲೆ ಸಣ್ಣ ಕಪ್ಪು ಅಕ್ಷರದಲ್ಲಿ 'ಶೃಂಗೇರಿ' ಅಂತ ಬರೆದರೆ ವಟ್ರಸುಳಿ ಸಹಿತ ಓದಬರಬೇಕು. ಇಂಗ್ಲಿಷ್ ಅಕ್ಷರಕ್ಕೆ ಸಾಕಾಗುವ ಗಾತ್ರ ಕನ್ನಡಕ್ಕೆ ಸಾಲದು. ಒತ್ತು, ಸುಳಿ, ಕೊಂಬು ಎಲ್ಲ ನೆಲದ ಬಣ್ಣದಲ್ಲಿ ಮುಳುಗುತ್ತವೆ.

ಬಣ್ಣದ ವಿಷಯದಲ್ಲಿ ಮೇಷ್ಟ್ರು ಒಂದು ಹೆಜ್ಜೆ ಹಿಂದೆ ಬಂದರು, ನಾನೂ ಒಂದು ಹೆಜ್ಜೆ. ಕರಾವಳಿಗೆ ತಿಳಿ ಹಸಿರು ಉಳಿಯಿತು. ಅಲ್ಲಿ ಪದ್ಧತಿಯೂ ನಿಜವೂ ಜಗಳವಾಡುವುದಿಲ್ಲ. ರಾಯಚೂರಿನ ಮೆಟ್ಟಿಲಿಗೆ ಹಸಿರು ಹೋಗಿ ಗೋಧಿ ಬಣ್ಣ ಬಂತು. ಅಲ್ಲಿಂದ ಮೇಲೆ ಕಾವಿ, ಕಂದು. ಒಂದು ಎತ್ತರಕ್ಕೆ ಒಂದೇ ಬಣ್ಣ, ಗೋಡೆ ನಕ್ಷೆ ನೋಡಿದವನಿಗೂ ಗುರುತು ಸಿಗುತ್ತೆ. ಘಟ್ಟ ಮಾತ್ರ ಕಂದಾಗಿಯೇ ಉಳಿಯಿತು, ಅಂದರೆ ಅರ್ಧ ಸಮಸ್ಯೆ ಹಾಗೇ ಇತ್ತು. ಅದಕ್ಕೆ ಪುಟದ ಕೆಳಮೂಲೆಯಲ್ಲಿ ಅಂಗೈಗಿಂತ ಸಣ್ಣದೊಂದು ಮಳೆಯ ನಕ್ಷೆ ಕೂರಿಸಿದೆವು, ನೀಲಿಯ ಮೂರೇ ಛಾಯೆಯಲ್ಲಿ. ಮಳೆ ಬಗ್ಗೆ ಯಾರಾದರೂ ತಪ್ಪು ತಿಳಿಯುತ್ತಾರೆ ಅಂತ ಗೊತ್ತಿದ್ದರೆ 'ಇದು ಮಳೆಯ ನಕ್ಷೆ ಅಲ್ಲ' ಅಂತ ಬರೆಯೋದಕ್ಕಿಂತ ಮಳೆಯನ್ನೇ ತೋರಿಸೋದು ಮೇಲು.

ಬಣ್ಣ ಮುಗಿಯಿತು ಅಂದುಕೊಂಡಾಗ ನೆರಳಿನ ಸರದಿ. ಗುಡ್ಡ ಕಣಿವೆ ಎದ್ದು ಕಾಣಲಿ ಅಂತ ಬಣ್ಣದ ಮೇಲೆ ತೆಳು ಬೂದು ನೆರಳು ಹಾಕ್ತಾರಲ್ಲ, ಅದು. ನೆಲದ ಎತ್ತರದ ಮಾಹಿತಿ 2000ನೇ ಇಸವಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆ ರಾಡಾರಿನಿಂದ ಅಳೆದದ್ದು, ಸುಮಾರು 30 ಮೀಟರಿಗೊಂದು ಅಂಕಿಯಂತೆ ಪುಕ್ಕಟೆ ಸಿಗುತ್ತೆ. ಅದನ್ನ ಹಾಗೇ ಬಳಸಿದರೆ ನಮ್ಮ ಪುಟದಲ್ಲಿ ಮರಳು ಚೆಲ್ಲಿದ ಹಾಗೆ ಕಾಣುತ್ತೆ, ಪ್ರತಿ ಗುಡ್ಡವೂ ತನ್ನ ನೆರಳು ಚೆಲ್ಲಲು ಹೋಗಿ. ಮೊದಲು 500 ಮೀಟರಿಗೊಂದು ಸರಾಸರಿ ಮಾಡಿ, ನೆಲವನ್ನ ನುಣುಪಾಗಿಸಿ, ಆಮೇಲೆ ನೆರಳು ತೆಗೆಯಬೇಕು. ನಾನು ಕೊಟ್ಟ ಕಮಾಂಡ್ ಇದು:

```
gdaldem hillshade -az 315 -alt 45 -z 4 karnataka_500m.tif shade.tif
```

ಇಲ್ಲಿ `315` ಅಂದರೆ ಬೆಳಕು ವಾಯುವ್ಯದಿಂದ, ಪುಟದ ಎಡ ಮೇಲ್ಮೂಲೆಯಿಂದ ಬೀಳುತ್ತೆ. `45` ಬೆಳಕಿನ ಎತ್ತರ. `4` ಅಂದರೆ ನೆಲವನ್ನ ನಾಲ್ಕು ಪಟ್ಟು ಎಬ್ಬಿಸು. ಫಲಿತಾಂಶ ನೋಡಿದರೆ ಪುಟದಲ್ಲಿ ಪಶ್ಚಿಮ ಘಟ್ಟವೇ ಮಸುಕು! ಕರ್ನಾಟಕದ ಅತಿ ದೊಡ್ಡ ಗೋಡೆ, ಬಸ್ಸು ತಿರುವು ತಿರುವಲ್ಲಿ ಏದುಸಿರು ಬಿಡುವ ಘಾಟಿ, ನಕ್ಷೆಯಲ್ಲಿ ಸಣ್ಣದೊಂದು ಏರಿನ ಹಾಗೆ.

ಲೆಕ್ಕ ಹಾಕಿ ನೋಡಿದೆ. 5 ಕಿಲೋಮೀಟರಿನಲ್ಲಿ 600 ಮೀಟರ್ ಇಳಿಯುವ ಘಾಟಿಯ ಸರಾಸರಿ ಇಳಿಜಾರು 7 ಡಿಗ್ರಿಯಷ್ಟೇ. ನಾಲ್ಕು ಪಟ್ಟು ಎಬ್ಬಿಸಿದ ಮೇಲೆ ಸುಮಾರು 26 ಡಿಗ್ರಿ. ಈ ಗೋಡೆಯ ಮುಖ ಸಮುದ್ರದ ಕಡೆ, ಪಶ್ಚಿಮದಿಂದ ತುಸು ದಕ್ಷಿಣಕ್ಕೆ. ವಾಯುವ್ಯದ ಬೆಳಕಿನಲ್ಲಿ ಸಮತಟ್ಟು ನೆಲಕ್ಕೆ ಬರುವ ಅಂಕಿ 181, ಈ ಗೋಡೆಗೆ ಬರುವುದು 196. 255 ಅಂದರೆ ಪೂರ್ತಿ ಬಿಳಿ. ಅಂದರೆ ಗೋಡೆ ಬಯಲಿಗಿಂತ ಸ್ವಲ್ಪ ಬೆಳ್ಳಗೆ, ಅಷ್ಟೇ. ಬೇರೆ ಬೆಟ್ಟಸಾಲಾಗಿದ್ದರೆ ಇನ್ನೊಂದು ಬದಿಯ ಕಪ್ಪು ನೆರಳು ಅದನ್ನ ಎತ್ತಿ ತೋರಿಸುತ್ತಿತ್ತು. ಘಟ್ಟಕ್ಕೆ ಆ ಇನ್ನೊಂದು ಬದಿ ಇಲ್ಲ. ಹತ್ತಿದ ಮೇಲೆ ಅದು ಮಲೆನಾಡಾಗಿ, ಬಯಲುಸೀಮೆಯಾಗಿ ನಿಧಾನಕ್ಕೆ ಪೂರ್ವಕ್ಕೆ ಇಳಿಯುತ್ತೆ. ಸಾಲದ್ದಕ್ಕೆ ಸಮತಟ್ಟು ನೆಲದ ಆ 181 ಇಡೀ ಪುಟಕ್ಕೆ ಬೂದು ಬಳಿಯುತ್ತೆ. ಅದರಿಂದ ಸೂಚಿಯ ಚೌಕದಲ್ಲಿರುವ ಶುದ್ಧ ಬಣ್ಣಕ್ಕೂ ನಕ್ಷೆಯೊಳಗಿನ ಬಣ್ಣಕ್ಕೂ ಹೊಂದಿಕೆಯೇ ಇರೋದಿಲ್ಲ. ಅದನ್ನ ಸರಿಮಾಡಲು 181 ಮತ್ತು ಅದಕ್ಕಿಂತ ಮೇಲಿನದನ್ನೆಲ್ಲ ಬಿಳಿ ಮಾಡಿದೆ. ಬಯಲು ಸ್ವಚ್ಛವಾಯಿತು, ಸೂಚಿ ಹೊಂದಿತು, ಘಟ್ಟ ಪೂರ್ತಿ ಮಾಯವಾಯಿತು.

ಹಾಗಾದರೆ ಬೆಳಕನ್ನೇ ಸರಿಸೋಣ ಅಂತ ಹೊರಟೆ. ಈ 315 ಅನ್ನೋದು ಸಾಫ್ಟ್‌ವೇರಿನ ಡೀಫಾಲ್ಟ್. ಬಲಗೈಯಲ್ಲಿ ಬರೆಯುವವರು ದೀಪವನ್ನ ಎಡಕ್ಕಿಟ್ಟುಕೊಳ್ಳುತ್ತಿದ್ದರು, ಅದೇ ಅಭ್ಯಾಸ ನಕ್ಷೆಗೂ ಬಂತು ಅಂತ ಹೇಳ್ತಾರೆ. ನಿಜವಾದ ಸೂರ್ಯ ವರ್ಷದ ಬಹುಪಾಲು ನಮ್ಮ ದಕ್ಷಿಣಕ್ಕೇ ವಾಲಿರುತ್ತಾನೆ, ಆದರೆ ನಿಜವಾಗಿರಲಿ ಅಂತ ಬೆಳಕನ್ನ ದಕ್ಷಿಣದಿಂದ ಬಿಟ್ಟರೆ ಇನ್ನೂ ದೊಡ್ಡ ಅನಾಹುತ. ಬೆಳಕು ಮೇಲಿನಿಂದ ಬರುತ್ತೆ ಅಂತಲೇ ನಮ್ಮ ಕಣ್ಣು ನಂಬಿರುವುದರಿಂದ ಕಣಿವೆಗಳು ಗುಡ್ಡವಾಗಿ, ಗುಡ್ಡಗಳು ಹಳ್ಳವಾಗಿ ಕಾಣುತ್ತವೆ. ಕಾವೇರಿ ಏಣಿನ ಮೇಲೆ ಹರಿದ ಹಾಗೆ ಕಾಣೋದನ್ನ ನಾನೇ ನೋಡಿದ್ದೀನಿ. ಬೆಳಕು ಪುಟದ ಮೇಲ್ಭಾಗದಲ್ಲಿರಬೇಕು, ಆದರೆ ಎಡಮೂಲೆಯಲ್ಲೇ ಇರಬೇಕು ಅಂತಿಲ್ಲ. ಸ್ವಿಸ್ ನಕ್ಷೆಗಾರ ಎಡುವರ್ಡ್ ಇಮ್‌ಹೋಫ್ ದಶಕಗಳ ಕಾಲ ಶಾಲಾ ಅಟ್ಲಾಸ್ ತಿದ್ದಿದವರು. ಬೆಟ್ಟಸಾಲು ಬೆಳಕಿನ ದಿಕ್ಕಿಗೇ ಮಲಗಿದ್ದರೆ ಆ ಜಾಗದ ಮಟ್ಟಿಗೆ ಬೆಳಕನ್ನ ತಿರುಗಿಸಬೇಕು ಅಂತಲೇ ಅವರು ಹೇಳಿದ್ದು. ನಾನು ಬೆಳಕನ್ನ 20ಕ್ಕೆ, ಅಂದರೆ ಉತ್ತರದಿಂದ ತುಸು ಪೂರ್ವಕ್ಕೆ ಇಟ್ಟೆ. ಅದೇ ಗೋಡೆಯ ಅಂಕಿ 113ಕ್ಕೆ ಇಳಿಯಿತು. ಕಾರವಾರದ ಹಿಂದಿನಿಂದ ಕೊಡಗಿನವರೆಗೆ ಘಟ್ಟ ಒಂದು ಕಪ್ಪು ಅಂಚಾಗಿ ಎದ್ದು ನಿಂತಿತು. ಆ ಅಂಚಿನ ಮೇಲೆ ಅಕ್ಷರ ಕೂರುವುದಿಲ್ಲ, ಆದ್ದರಿಂದ ಕರಾವಳಿಯ ಊರುಗಳ ಹೆಸರನ್ನೆಲ್ಲ ಸಮುದ್ರದಲ್ಲಿ ಬರೆದೆವು.

ಈಗ ಲೆಕ್ಕ ನೋಡಿ. ನೆಲ ನಾಲ್ಕು ಪಟ್ಟು ಉಬ್ಬಿದೆ. ನಿಜವಾದ ಗುಡ್ಡಗಳನ್ನ ಒರೆಸಿ ಹಾಕಿದ್ದೀವಿ. ಹಗಲಿನ ಸೂರ್ಯ ಎಂದೂ ನಿಲ್ಲದ ಕಡೆ ಸೂರ್ಯನನ್ನ ನಿಲ್ಲಿಸಿದ್ದೀವಿ. ಒಂದೊಂದನ್ನೇ ಹಿಡಿದು ನೋಡಿದರೆ ಎಲ್ಲವೂ ಸುಳ್ಳು, ಆದರೂ ಮಕ್ಕಳು ಪುಟ ನೋಡಿ ಹೇಳಿದ್ದು ನಿಜ: ಇಲ್ಲೊಂದು ಗೋಡೆ ಇದೆ, ಅದರಾಚೆ ನೀರು ಸಮುದ್ರಕ್ಕೆ ಬೀಳುತ್ತೆ, ಈಚೆ ನೀರು ಪೂರ್ವಕ್ಕೆ ಹೋಗುತ್ತೆ. ಮೊದಲಿನ ಪುಟದಲ್ಲಿ ಪ್ರತಿಯೊಂದು ಬಣ್ಣವೂ ಸೂಚಿಯ ಪ್ರಕಾರ ನಿಜ. ಆದರೆ ಓದಿದವರು ಸುಳ್ಳು ತಿಳಿದರು. ಹಾಗಾದರೆ ಪ್ರಾಮಾಣಿಕತೆ ಎಲ್ಲಿದೆ, ನಾವು ಬರೆದದ್ದರಲ್ಲೋ, ಓದುವವರು ತಿಳಿದದ್ದರಲ್ಲೋ?

ನಾನು ಎರಡನೆಯದರ ಕಡೆ ವಾಲಿದ್ದೀನಿ, ಆದರೆ ಪೂರ್ತಿ ಅಲ್ಲ. ಪೂರ್ತಿ ವಾಲಿದರೆ ಅಪಾಯವಿದೆ. 'ಓದುಗರು ಸರಿಯಾಗಿ ತಿಳಿಯಲಿ ಅಂತ' ಅನ್ನೋ ನೆಪದಲ್ಲಿ ಏನನ್ನ ಬೇಕಾದರೂ ಉಬ್ಬಿಸಬಹುದು, ಏನನ್ನ ಬೇಕಾದರೂ ಒರೆಸಬಹುದು. ಆದ್ದರಿಂದ ಪುಟದಡಿ ಒಂದು ಸಾಲು ಹಾಕಿದೆವು: ಬೆಟ್ಟಗಳನ್ನು ಕಣ್ಣಿಗೆ ಕಾಣಲೆಂದು ನಾಲ್ಕು ಪಟ್ಟು ಎತ್ತರಿಸಿದೆ. ಸೂಚಿ ಬೇಕು, ಅದು ನಮ್ಮ ಲೆಕ್ಕಪತ್ರ. ಆದರೆ ಲೆಕ್ಕಪತ್ರ ಸರಿಯಿದೆ ಅಂತ ಅಂಗಡಿಯಲ್ಲಿ ಕಲ್ಲು ಬೆರೆಸಿದ ಅಕ್ಕಿ ಕೊಡೋಕಾಗೋದಿಲ್ಲ.

ಇನ್ನೊಂದು ಸಣ್ಣ ವಿಷಯ ಹೇಳದೆ ಮುಗಿಸಲಾರೆ, ಅದು ನಮ್ಮ ಜಿಲ್ಲೆಯದೇ. ರಾಯಚೂರು ಕೃಷ್ಣೆ-ತುಂಗಭದ್ರೆಯರ ನಡುವಿನ ನೆಲ. ಮೇಲಿನ ಗಡಿಯ ಬಹುಪಾಲು ಒಂದು ನದಿ, ಕೆಳಗಿನದ್ದು ಇನ್ನೊಂದು. ನನ್ನ ಮೊದಲ ಪುಟದಲ್ಲಿ ಗಡಿಯ ಕಪ್ಪು ಗೆರೆ-ಚುಕ್ಕಿ ನದಿಯ ನೀಲಿ ಗೆರೆಯ ಮೇಲೇ ಕೂತಿತ್ತು. ಕಂಪ್ಯೂಟರಿನಲ್ಲಿ ಗಡಿಯ ಪದರ ಮೇಲಿತ್ತು, ಅಷ್ಟೇ ಕಾರಣ. ಜೆರಾಕ್ಸಿನಲ್ಲಿ ಆ ಗೆರೆಯನ್ನ ಮಕ್ಕಳು ರೈಲುಹಾದಿ ಅಂದರು. ಎರಡು ಹೊಳೆಗಳ ನಡುವೆ ಹುಟ್ಟಿದ ಮಕ್ಕಳಿಗೆ ಪುಟದಲ್ಲಿ ಎರಡೂ ಹೊಳೆ ಸಿಗಲಿಲ್ಲ. ಇದಕ್ಕೆ ಹಳೇ ನಕ್ಷೆಗಾರರ ಉಪಾಯ ಇದೆ: ನದಿಯೇ ಗಡಿಯಾದಾಗ ಗಡಿಯ ತುಂಡುಗೆರೆಗಳನ್ನ ಒಮ್ಮೆ ಈ ದಡಕ್ಕೆ, ಒಮ್ಮೆ ಆ ದಡಕ್ಕೆ ಬಿಡಿಬಿಡಿಯಾಗಿ ಇಡೋದು, ನಡುವೆ ನೀರಿನ ಗೆರೆ ಕಡಿಯದ ಹಾಗೆ. ಕೈಯಲ್ಲೇ ಸರಿಸಬೇಕು, ಎರಡು ಸಂಜೆ ಹಿಡಿಯಿತು. ರೈಲಿಗೆ ಅಡ್ಡಗೀಟುಗಳಿರುವ ಗೆರೆ ಕೊಟ್ಟು, ಸೂಚಿಯಲ್ಲೂ ನಕ್ಷೆಯಲ್ಲಿರುವಷ್ಟೇ ದಪ್ಪಕ್ಕೆ ಎಳೆದೆವು.

ಹೊಸ ಪುಟ ಹಿಡಿದು ಅದೇ ಶಾಲೆಗೆ ಮತ್ತೆ ಹೋದೆ. ಸೂಚಿಯ ಮೇಲೆ ಚೀಟಿ, ಅದೇ ನಾಲ್ಕು ಪ್ರಶ್ನೆ. ಹೆಚ್ಚಿನ ಮಕ್ಕಳು ಮಳೆಯ ಪ್ರಶ್ನೆಗೆ ಕೆಳಗಿನ ನೀಲಿ ನಕ್ಷೆಗೆ ಹೋದರು. ನಾಲ್ಕೈದು ಮಕ್ಕಳು ಇನ್ನೂ ಘಟ್ಟವನ್ನ ತೋರಿಸಿ ಅಲ್ಲಿ ಒಣಭೂಮಿ ಅಂದರು, ಅದು ನಮ್ಮ ಪುಟದ ಬಾಕಿ. ಆ ಹುಡುಗಿ ಈಗ ಎಂಟನೇ ಕ್ಲಾಸು. ಪುಟವನ್ನ ಬಹಳ ಹೊತ್ತು ನೋಡಿದಳು.

"ಏನಮ್ಮ, ಈಗ ನಿಮ್ಮೂರಾಗ ಮಳಿ ಆಗ್ತದೇನು?"

"ಇಲ್ರಿ ಸರ್," ಅಂದಳು. "ಈಗ ನಕ್ಷೆದಾಗೂ ಆಗಂಗಿಲ್ರಿ." ಆಮೇಲೆ ಪೆನ್ನು ತೆಗೆದು ಕೃಷ್ಣೆಯ ಕೆಳಗೆ ಒಂದು ಚುಕ್ಕೆ ಇಟ್ಟಳು, ಅರ್ಧ ಮಿಲಿಮೀಟರೂ ಇರಲಿಲ್ಲ. "ನಮ್ಮೂರು ಇಲ್ಲಿ ಬರ್ತದ್ರಿ. ನೀವು ಬಿಟ್ಟೀರಿ."

ಆ ಪ್ರತಿ ನನ್ನ ಹತ್ತಿರವೇ ಇದೆ. ಪ್ರೆಸ್ಸಿಗೆ ಹೋದದ್ದು ಚುಕ್ಕೆ ಇಲ್ಲದ್ದು.